ಚೆಕ್ ಮೇಲೆ ತಿದ್ದಿ ಸಹಿ ಮಾಡಿದರೆ ಸಾಲದು, ಯಾಕೆ ಗೊತ್ತಾ?

ಪ್ರತಿ ತಿಂಗಳು ನೂರಾರು ಸಲ ಯುಪಿಐ ಮಾಡುವ ನಮಗೆ ಚೆಕ್ ಬರೆಯುವ ಪ್ರಸಂಗ ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಆದರೆ ಬರುವಾಗ ಅದು ಸಣ್ಣ ಮೊತ್ತಕ್ಕೆ ಬರುವುದಿಲ್ಲ. ಮನೆ ಅಡ್ವಾನ್ಸ್, ಹೊಲದ ವ್ಯವಹಾರ, ಹಳೇ ಗಾಡಿ ಖರೀದಿ, ಇಂಥವಕ್ಕೇ ಚೆಕ್ ಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಪೆನ್ನು ಒಂಚೂರು ಜಾರಿದರೂ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಾಕಾನ ಪ್ರಕರಣ ಒಳ್ಳೆಯ ಉದಾಹರಣೆ.

ಕಾಕಾ ಇರುವುದು ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ. ಕಳೆದ ವರ್ಷ ಕಬ್ಬಿನ ಸೀಜನ್ ಶುರುವಾಗುವ ಮೊದಲು ತಮ್ಮ ಟ್ರ್ಯಾಕ್ಟರ್ ಟ್ರೇಲರನ್ನು ಗೋಕಾಕ ಕಡೆಯ ಒಬ್ಬರಿಗೆ 1,47,500 ರೂಪಾಯಿಗೆ ಮಾರಿದರು. ಕೊಂಡವರು 18-08-2025 ದಿನಾಂಕ ಹಾಕಿ ಚೆಕ್ ಕೊಟ್ಟು, "ದಸರಾ ಮುಗಿದ ಮ್ಯಾಲ ಹಾಕ್ರಿ" ಅಂದರು. ಟ್ರೇಲರ್ ಅವತ್ತೇ ಹೋಯಿತು. ಕಾಕಾ ದೀಪಾವಳಿಯನ್ನೂ ಮುಗಿಸಿಕೊಂಡು, ಅಕ್ಟೋಬರ್ 27ರ ಸೋಮವಾರ ಸಂಕೇಶ್ವರಕ್ಕೆ ಹೋಗಿ ತಮ್ಮ ಖಾತೆಗೆ ಚೆಕ್ ಹಾಕಿದರು. ಅವತ್ತೇ ಸಂಜೆ ಮೊಬೈಲಿಗೆ ಚೆಕ್ ರಿಟರ್ನ್ ಆಗಿದೆ ಅಂತ ಮೆಸೇಜ್ ಬಂತು.

ಕೊಂಡವರ ಖಾತೆಯಲ್ಲಿ ದುಡ್ಡಿತ್ತು. ಸಹಿಯೂ ಸರಿಯಿತ್ತು. ವಾಪಸ್ ಚೀಟಿಯಲ್ಲಿದ್ದ ಕಾರಣ, ಮೊತ್ತದಲ್ಲಿ ತಿದ್ದುಪಡಿ. ಅಂಕಿ ಬರೆಯುವಾಗ ಅವರು ಮೊದಲು 1,41,500 ಅಂತ ಬರೆದು, ಆಮೇಲೆ ಎರಡನೆಯ 1ರ ತಲೆಗೆ ಅಡ್ಡಗೆರೆ ಎಳೆದು 7 ಮಾಡಿದ್ದರು. ಪಕ್ಕದಲ್ಲಿ ಸಹಿಯನ್ನೂ ಹಾಕಿದ್ದರು.

ಕಾಕಾ ಫೋನ್ ಮಾಡಿ ಕೇಳಿದ್ದು ಇದೇ ಪ್ರಶ್ನೆ. "ಅಲ್ಲೋ ತಮ್ಮಾ, ತಿದ್ದಿದಲ್ಲಿ ಸಹಿ ಮಾಡ್ಯಾರಲ್ಲ, ಮತ್ತ್ಯಾಕ ನಡಿಲಿಲ್ಲ? ಮೊದಲೆಲ್ಲಾ ನಡೀತಿತ್ತು."

ಕಾಕಾ ಹೇಳಿದ್ದು ಸುಳ್ಳಲ್ಲ. ಮೊದಲು ನಿಜವಾಗಿಯೂ ನಡೆಯುತ್ತಿತ್ತು. ಬದಲಾಗಿದ್ದು ಚೆಕ್ ಓಡಾಡುವ ದಾರಿ.

ಕಾಗದ ಹೋಗುವುದಿಲ್ಲ, ಫೋಟೋ ಹೋಗುತ್ತದೆ

ಹಿಂದೆ ನೀವು ಹಾಕಿದ ಚೆಕ್ಕಿನ ಕಾಗದವೇ ಕ್ಲಿಯರಿಂಗ್ ಹೌಸಿಗೋ ಅಂಚೆಯಲ್ಲೋ ಪ್ರಯಾಣ ಮಾಡಿ, ಬರೆದವರ ಬ್ಯಾಂಕ್ ತಲುಪುತ್ತಿತ್ತು. ಅಲ್ಲಿನ ಸಿಬ್ಬಂದಿ ಅದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಶಾಯಿ ಬೇರೆ ಬೇರೆ ಆಗಿದೆಯಾ, ಕಾಗದ ಕೆರೆದಿದ್ದಾರಾ ಅಂತ ನೋಡಬಹುದಿತ್ತು. ತಿದ್ದಿದ ಜಾಗದಲ್ಲಿ ಖಾತೆದಾರರ ಪೂರ್ತಿ ಸಹಿ ಇದ್ದರೆ ದುಡ್ಡು ಕೊಡುತ್ತಿದ್ದರು.

ಈಗಿರುವುದು ಚೆಕ್ ಟ್ರಂಕೇಶನ್ ಸಿಸ್ಟಮ್, ಅಂದರೆ ಸಿಟಿಎಸ್. ದೆಹಲಿಯಲ್ಲಿ 2008ರಲ್ಲಿ ಶುರುವಾಗಿ, 2011ರಲ್ಲಿ ಚೆನ್ನೈಗೆ ಬಂತು. 2021ರಲ್ಲಿ ರಿಸರ್ವ್ ಬ್ಯಾಂಕ್ ಕ್ಲಿಯರಿಂಗ್ ಹೌಸ್ ಇಲ್ಲದ ಊರುಗಳ ಶಾಖೆಗಳನ್ನೂ ಸೇರಿಸಿ ದೇಶದ ಎಲ್ಲ ಶಾಖೆಗಳನ್ನು ಇದರೊಳಗೆ ತರಲು ಹೇಳಿತು. ಹಾಗಾಗಿ ಹಳ್ಳಿಯಲ್ಲಿ ಬರೆದ ಚೆಕ್ಕಿಗೂ ಬೆಂಗಳೂರಲ್ಲಿ ಬರೆದ ಚೆಕ್ಕಿಗೂ ಈಗ ಒಂದೇ ನಿಯಮ.

ಸಿಟಿಎಸ್‌ನಲ್ಲಿ ಕಾಗದ ನೀವು ಹಾಕಿದ ಬ್ಯಾಂಕಿನಲ್ಲೇ ಉಳಿಯುತ್ತದೆ. ಸ್ಕ್ಯಾನ್ ಮಾಡಿದ ಮೂರು ಚಿತ್ರಗಳು ಮಾತ್ರ ಆಚೆ ಹೋಗುತ್ತವೆ: ಮುಂಭಾಗದ್ದು ಬೂದು ಛಾಯೆಯಲ್ಲಿ ಒಂದು, ಬರೀ ಕಪ್ಪು-ಬಿಳುಪಿನಲ್ಲಿ ಇನ್ನೊಂದು, ಹಿಂಭಾಗದ್ದು ಒಂದು. ಇಲ್ಲೇ ನಮ್ಮ ಪ್ರಶ್ನೆಗೆ ಉತ್ತರ ಇದೆ. ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಚುಕ್ಕೆಯೂ ಒಂದೋ ಪೂರ್ತಿ ಕಪ್ಪು, ಇಲ್ಲವೇ ಪೂರ್ತಿ ಬಿಳಿ. ನೀಲಿ ಶಾಯಿಯ 1ರ ಮೇಲೆ ಬೇರೆ ಪೆನ್ನಲ್ಲಿ 7 ಬರೆದರೆ, ಯಾವ ಗೆರೆ ಮೊದಲು ಬಂತು, ಯಾವುದು ಆಮೇಲೆ ಬಂತು ಅನ್ನುವ ಸುಳಿವೇ ಉಳಿಯುವುದಿಲ್ಲ. ಖಾತೆದಾರರೇ ತಿದ್ದಿದರೋ, ಚೆಕ್ ಕೈಗೆ ಬಂದ ಮೇಲೆ ಬೇರೆ ಯಾರೋ ತಿದ್ದಿದರೋ, ಪರದೆ ಮೇಲೆ ನೋಡುವ ಅಧಿಕಾರಿ ಹೇಳಲಾರ. ಪಕ್ಕದ ಸಹಿಯೂ ಅಷ್ಟೇ, ಅದೂ ಒಂದು ಚಿತ್ರ.

ಅದಕ್ಕೇ ರಿಸರ್ವ್ ಬ್ಯಾಂಕ್ 2010ರ ಡಿಸೆಂಬರ್ 1ರಿಂದ ನಿಯಮ ಮಾಡಿತು: ಸಿಟಿಎಸ್‌ನಲ್ಲಿ ಹೋಗುವ ಚೆಕ್ಕಿನಲ್ಲಿ ಹೆಸರು, ಅಂಕಿಯ ಮೊತ್ತ, ಅಕ್ಷರದ ಮೊತ್ತ ಇವುಗಳಲ್ಲಿ ಯಾವುದನ್ನೂ ತಿದ್ದುವಂತಿಲ್ಲ. ತಪ್ಪಾದರೆ ಹೊಸ ಹಾಳೆ ತೆಗೆದುಕೊಳ್ಳಬೇಕು. ವಿನಾಯಿತಿ ಇರುವುದು ದಿನಾಂಕಕ್ಕೆ ಮಾತ್ರ, ಅದೂ ಅವಧಿ ನವೀಕರಿಸುವುದಕ್ಕೆ. ತಮ್ಮದೇ ಬ್ಯಾಂಕಿನ ಕೌಂಟರಿನಲ್ಲಿ ನಗದು ತೆಗೆಯುವ ಚೆಕ್ಕಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಾಗದ ಅಲ್ಲೇ ಕಣ್ಣೆದುರು ಇರುತ್ತದಲ್ಲ. ಹಿರಿಯರಿಗೆ "ಸಹಿ ಮಾಡಿದರೆ ನಡೆಯುತ್ತದೆ" ಅನ್ನುವ ನಂಬಿಕೆ ಇನ್ನೂ ಇರುವುದಕ್ಕೆ ಇದೂ ಒಂದು ಕಾರಣ.

ಮೊತ್ತ: ಅಕ್ಷರದಲ್ಲಿ ಮೊದಲು

ಕಾನೂನಿನಲ್ಲಿ ಅಕ್ಷರದ ಮೊತ್ತಕ್ಕೇ ಬೆಲೆ ಹೆಚ್ಚು. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಪ್ರಕಾರ, ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿರುವುದೇ ಮೊತ್ತ. ಆದರೆ ಇದನ್ನು ನಂಬಿಕೊಂಡು ಕೂರಬೇಡಿ. ಕ್ಲಿಯರಿಂಗ್‌ನಲ್ಲಿ ಎರಡೂ ಹೊಂದದಿದ್ದರೆ ಬ್ಯಾಂಕುಗಳು ಅದೇ ಕಾರಣ ಬರೆದು ಚೆಕ್ ವಾಪಸ್ ಮಾಡುತ್ತವೆ.

ಕಾಕಾನ ಮೊತ್ತವನ್ನೇ ತಗೊಳ್ಳಿ. ಮೊದಲು ಅಕ್ಷರದಲ್ಲಿ, ಗೆರೆಯ ಎಡತುದಿಯಿಂದಲೇ: "ಒಂದು ಲಕ್ಷ ನಲವತ್ತೇಳು ಸಾವಿರದ ಐದುನೂರು ಮಾತ್ರ". ಕೊನೆಗೆ "ಮಾತ್ರ" ಬರೆದು, ಉಳಿದ ಖಾಲಿ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ ಜಾಗ ಬಿಟ್ಟು "ನಲವತ್ತೇಳು ಸಾವಿರ" ಅಂತ ಬರೆದ ಚೆಕ್ಕಿಗೆ ಮುಂದೆ "ಒಂದು ಲಕ್ಷ" ಸೇರಿಸುವುದು ಎಷ್ಟು ಸುಲಭ ಅಂತ ಯೋಚಿಸಿ. ಆಮೇಲೆ ಆ ಅಕ್ಷರವನ್ನು ನೋಡಿಕೊಂಡೇ ಬಾಕ್ಸಿನಲ್ಲಿ 1,47,500/- ಅಂತ ತುಂಬಿ. ರೂಪಾಯಿ ಚಿಹ್ನೆ ಅಲ್ಲಿ ಮುದ್ರಿತವಾಗಿಯೇ ಇರುತ್ತದೆ, ಅದಕ್ಕೆ ತಾಗಿದಂತೆ ಬರೆಯಿರಿ. ಅಕ್ಷರದಲ್ಲಿ ಬರೆಯುವಾಗ ಕೈ ತಾನಾಗಿ ನಿಧಾನವಾಗುತ್ತದೆ, ಲೆಕ್ಕ ತಪ್ಪುವುದು ಕಡಿಮೆ. ಅಂಕಿಯಿಂದ ಶುರು ಮಾಡಿದಾಗಲೇ 41, 47 ಆಗುವ ಅವಾಂತರ.

ಅಂದಹಾಗೆ, ಕನ್ನಡದಲ್ಲಿ ಬರೆದರೆ ನಡೆಯುತ್ತದಾ ಅಂತ ಬಹಳ ಜನ ಕೇಳುತ್ತಾರೆ. ನಡೆಯುತ್ತದೆ. ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರಾದೇಶಿಕ ಭಾಷೆಯಲ್ಲಿ ಚೆಕ್ ಬರೆಯಲು ಗ್ರಾಹಕರಿಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ.

ಎರಡು ಗೆರೆ, ಮತ್ತು ನಡುವಿನ ಮಾತು

ಎಡ ಮೇಲ್ಮೂಲೆಯಲ್ಲಿ ಎಳೆಯುವ ಎರಡು ಓರೆ ಗೆರೆಗೆ ಕ್ರಾಸಿಂಗ್ ಅನ್ನುತ್ತಾರೆ. ಬರೀ ಗೆರೆ ಇದ್ದರೆ ಅರ್ಥ ಇಷ್ಟೇ: ಕೌಂಟರಿನಲ್ಲಿ ನಗದು ಕೊಡಬೇಡಿ, ಯಾವುದಾದರೂ ಬ್ಯಾಂಕ್ ಖಾತೆಯ ಮೂಲಕವೇ ಕೊಡಿ. ಆದರೆ ಚೆಕ್ ಪಡೆದವರು ಅದನ್ನು ಇನ್ನೊಬ್ಬರಿಗೆ ದಾಟಿಸುವ ದಾರಿ ಆಗಲೂ ತೆರೆದಿರುತ್ತದೆ. ಗೆರೆಗಳ ನಡುವೆ "ಅಕೌಂಟ್ ಪೇಯಿ" ಅಂತ ಬರೆದರೆ, ಹೆಸರಿರುವವರ ಖಾತೆ ಬಿಟ್ಟು ಬೇರೆಯವರ ಖಾತೆಗೆ ಜಮಾ ಮಾಡಬಾರದು ಅಂತ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಆದೇಶವಿದೆ. ಜೊತೆಗೆ ಹೆಸರಿನ ಮುಂದೆ ಮುದ್ರಿತವಾಗಿರುವ "ಬೇರರ್" ಪದ ಹೊಡೆದುಹಾಕಿ. ಅದು ಮುದ್ರಿತ ಪದವನ್ನು ಹೊಡೆಯುವುದು, ತಿದ್ದುಪಡಿ ಅಲ್ಲ.

ಇನ್ನೊಂದು ಉಪಯೋಗದ ಸಂಗತಿ. ನಿಮಗೆ ಗೆರೆ ಇಲ್ಲದ ಚೆಕ್ ಬಂದರೆ, ಪಡೆದವರಾಗಿ ನೀವೇ ಕ್ರಾಸ್ ಮಾಡಬಹುದು, ಕಾಯ್ದೆ ಅದಕ್ಕೆ ಒಪ್ಪುತ್ತದೆ. ಬಸ್ಸಿನಲ್ಲಿ ಗೋಕಾಕದಿಂದ ದಡ್ಡಿಗೆ ಚೆಕ್ ಜೇಬಲ್ಲಿಟ್ಟುಕೊಂಡು ಬರುವವರಿಗೆ ಇದು ಗೊತ್ತಿರಲಿ. ಗೆರೆ ಎಳೆಯುವಾಗ ಮುದ್ರಿತ ಅಕ್ಷರ ಮುಚ್ಚದಂತೆ ನೋಡಿಕೊಳ್ಳಿ. ಕೆಳಗಿನ ಬಿಳಿ ಪಟ್ಟಿಯಲ್ಲಿರುವ ಕೋಡ್ ಅಂಕಿಗಳ ಮೇಲೆ ಸಹಿಯ ಬಾಲವೂ ಇಳಿಯಬಾರದು, ಅದನ್ನು ಯಂತ್ರ ಓದುತ್ತದೆ.

ಮೂರು ತಿಂಗಳು

ಚೆಕ್ಕಿನ ಆಯುಷ್ಯ ಅದರ ಮೇಲಿರುವ ದಿನಾಂಕದಿಂದ ಮೂರು ತಿಂಗಳು. 2012ರ ಏಪ್ರಿಲ್ 1ಕ್ಕೆ ಮೊದಲು ಆರು ತಿಂಗಳಿತ್ತು, ಹಿರಿಯರ ತಲೆಯಲ್ಲಿ ಇನ್ನೂ ಅದೇ ಲೆಕ್ಕ ಇರುತ್ತದೆ. ನಿಮ್ಮ ಕೈಗೆ ಯಾವತ್ತು ಬಂತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಕಾಕಾನ ಚೆಕ್ಕಿಗೆ ಆಗಸ್ಟ್ 18ರ ದಿನಾಂಕ, ಅಂದರೆ ನವೆಂಬರ್ ನಡುವಿಗೆ ಅದು ಹಳಸುತ್ತಿತ್ತು. "ದೀಪಾವಳಿ ಆಗಲಿ, ಲಗ್ನ ಮುಗೀಲಿ" ಅಂತ ಇನ್ನೊಂದು ತಿಂಗಳು ತಳ್ಳಿದ್ದರೆ, ತಿದ್ದುಪಡಿ ಇಲ್ಲದಿದ್ದರೂ ವಾಪಸ್ ಬರುತ್ತಿತ್ತು. ಅವಧಿ ಮುಗಿದ ಚೆಕ್ ಇಟ್ಟುಕೊಂಡರೆ ಕಲಂ 138ರ ಚೆಕ್ ಬೌನ್ಸ್ ಮೊಕದ್ದಮೆಯ ದಾರಿಯೂ ಮುಚ್ಚುತ್ತದೆ. ಅದಕ್ಕೆ ಅವಧಿಯೊಳಗೆ ಬ್ಯಾಂಕಿಗೆ ಹಾಕಿರಲೇಬೇಕು.

ಬೇಗ ಹಾಕುವುದರಿಂದ ಈಗ ಇನ್ನೊಂದು ಲಾಭವಿದೆ. 2025ರ ಅಕ್ಟೋಬರ್ 4ರಿಂದ ಚೆಕ್‌ಗಳು ದಿನವಿಡೀ ನಿರಂತರವಾಗಿ ಕ್ಲಿಯರಿಂಗ್‌ಗೆ ಹೋಗುತ್ತವೆ. ಹೌದು ಅಥವಾ ಇಲ್ಲ ಅನ್ನುವುದು ಕಾಕಾನಿಗೆ ಗೊತ್ತಾದಂತೆ ಅವತ್ತೇ ಗೊತ್ತಾಗಬಹುದು. ತಪ್ಪಿದ್ದರೆ ಸರಿಪಡಿಸಲು ಸಮಯ ಸಿಗುತ್ತದೆ.

ಪಡೆಯುವವರು ನೋಡಬೇಕಾದ್ದು

ಈ ಪ್ರಕರಣದಲ್ಲಿ ತಿದ್ದಿದ್ದು ಕೊಂಡವರು, ಪರದಾಡಿದ್ದು ಕಾಕಾ. ಟ್ರೇಲರ್ ಆಗಲೇ ಗೋಕಾಕದಲ್ಲಿ ಕಬ್ಬು ಹೊರುತ್ತಿತ್ತು. ಅದೃಷ್ಟಕ್ಕೆ ಕೊಂಡವರು ಮರ್ಯಾದಸ್ಥರು, ಫೋನ್ ಮಾಡಿದಾಗ "ಆತ್ರಿ, ಬ್ಯಾರೆ ಬರದ ಕೊಡ್ತೀನ್ರಿ" ಅಂದರು. ಹಳೇ ಚೆಕ್ ವಾಪಸ್ ಕೊಟ್ಟು ಹೊಸದು ತಂದ ಮೇಲೆ ದುಡ್ಡು ಜಮಾ ಆಯಿತು. ಎಲ್ಲರೂ ಹಾಗೇ ಇರುತ್ತಾರೆ ಅನ್ನಲಾಗದು.

ಆದ್ದರಿಂದ ವಸ್ತು ಬಿಟ್ಟುಕೊಡುವ ಮೊದಲು ಚೆಕ್ಕನ್ನು ಮೊಬೈಲಲ್ಲಿ ಫೋಟೋ ತೆಗೆದು, ಕಪ್ಪು-ಬಿಳುಪು ಫಿಲ್ಟರ್ ಹಾಕಿ ದೊಡ್ಡದು ಮಾಡಿ ನೋಡಿ. ದೂರದ ಬ್ಯಾಂಕಿನ ಅಧಿಕಾರಿಗೆ ಕಾಣುವುದು ಹೆಚ್ಚುಕಡಿಮೆ ಅದೇ. ಎಲ್ಲಾದರೂ ಒಂದು ಅಂಕಿ ದಪ್ಪಗೆ, ಜೋಡಿ ಗೆರೆಯಾಗಿ ಕಂಡರೆ, ಹೆಸರಲ್ಲಿ ಒಂದಕ್ಷರ ಒತ್ತಿ ಬರೆದಂತಿದ್ದರೆ, ಅಲ್ಲೇ ಹೊಸ ಹಾಳೆ ಕೇಳಿ. ಮೊತ್ತ 50,000 ರೂಪಾಯಿ ದಾಟಿದ್ದರೆ, "ಪಾಸಿಟಿವ್ ಪೇ ಹಾಕೀರೇನ್ರಿ?" ಅಂತ ಇನ್ನೊಂದು ಮಾತು ಕೇಳಿ. 2021ರ ಜನವರಿಯಿಂದ ಇರುವ ಸೌಲಭ್ಯ ಇದು. ಬರೆದವರು ಚೆಕ್ ನಂಬರ್, ದಿನಾಂಕ, ಹೆಸರು, ಮೊತ್ತವನ್ನು ಆ್ಯಪ್‌ನಲ್ಲೋ ಶಾಖೆಯಲ್ಲೋ ಮೊದಲೇ ತಿಳಿಸಿಟ್ಟರೆ, ಚಿತ್ರ ಬಂದಾಗ ಬ್ಯಾಂಕ್ ಅದನ್ನು ಹೋಲಿಸಿ ನೋಡುತ್ತದೆ. ಐದು ಲಕ್ಷ ಮತ್ತು ಮೇಲಿನ ಚೆಕ್ಕಿಗೆ ಇದನ್ನು ಕಡ್ಡಾಯ ಮಾಡುವ ಅಧಿಕಾರ ಬ್ಯಾಂಕುಗಳಿಗಿದೆ, ಹಾಗಾಗಿ ದೊಡ್ಡ ಮೊತ್ತ ಬರೆಯುವ ಮೊದಲು ನಿಮ್ಮ ಬ್ಯಾಂಕಿನ ಆ್ಯಪ್ ಒಮ್ಮೆ ತೆರೆದು ನೋಡಿ.

ಬರೆಯುವಾಗ ಕೆಟ್ಟುಹೋದ ಹಾಳೆಯನ್ನು ಹಾಗೇ ಬಿಸಾಡಬೇಡಿ. ಅಡ್ಡಲಾಗಿ "ರದ್ದು" ಅಂತ ಬರೆದು, ಕೋಡ್ ಪಟ್ಟಿಯನ್ನು ಹರಿದುಹಾಕಿ, ಚೆಕ್ ಪುಸ್ತಕದ ಪಟ್ಟಿಯಲ್ಲಿ ಆ ನಂಬರಿನ ಮುಂದೆ ಗುರುತು ಹಾಕಿಕೊಳ್ಳಿ.