ಎಷ್ಟು ಎಲೆ, ಯಾವ ಹೊತ್ತಿಗೆ?

ಅಡುಗೆ ಭಟ್ಟರ ಬಳಿ ಹೋಗಿ ಒಂದು ದಿನದ ವಿಚಾರ ಸಂಕಿರಣ ಇದೆ ಎಂದರೆ ಅವರು ವಿಷಯ ಏನು, ಉದ್ಘಾಟಕರು ಯಾರು ಎಂದು ಕೇಳುವುದಿಲ್ಲ. "ಎಷ್ಟು ಎಲೆ ಆಗುತ್ತೆ ಸ್ವಾಮಿ?" ಎನ್ನುತ್ತಾರೆ. ಮೊದಲ ಸಲ ನನ್ನ ಹೆಗಲಿಗೆ ಊಟದ ಉಸ್ತುವಾರಿ ಬಿದ್ದಾಗ ನಾನು ಜೇಬಿನಿಂದ ನೋಂದಣಿ ಪಟ್ಟಿ ತೆಗೆದು ಹೆಮ್ಮೆಯಿಂದ "ಮುನ್ನೂರು" ಎಂದೆ. ಅವತ್ತು ಉಂಡವರು ನೂರ ತೊಂಬತ್ತು. ಸಂಜೆ ಸಭಾಂಗಣದ ಹಿಂದೆ ಎರಡು ಕೊಳಗ ಅನ್ನದ ಮುಂದೆ ನಿಂತು, ಇದನ್ನು ಈ ಹೊತ್ತಿನಲ್ಲಿ ಯಾರಿಗೆ ಕೊಡುವುದೆಂದು ಊರೆಲ್ಲ ಫೋನು ಮಾಡಿದ್ದು ಇನ್ನೂ ನೆನಪಿದೆ.

ತಪ್ಪು ನಾನು ಹೇಳಿದ ಸಂಖ್ಯೆಯಲ್ಲಿ ಮಾತ್ರ ಇರಲಿಲ್ಲ. ಇಡೀ ದಿನಕ್ಕೆ ಒಂದೇ ಸಂಖ್ಯೆ ಹೇಳಿದ್ದರಲ್ಲೇ ಇತ್ತು. ಬೆಳಗಿನ ತಿಂಡಿ, ಹನ್ನೊಂದೂವರೆಯ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ಚಹಾ ಇವು ನಾಲ್ಕೂ ಬೇರೆ ಬೇರೆ ಸಭೆಗಳು. ಒಂದೊಂದಕ್ಕೂ ಬರುವ ಜನ ಬೇರೆ.

ಪಟ್ಟಿಯನ್ನು ಮೊದಲು ಒಡೆಯಿರಿ

ಮೈಸೂರಿನಲ್ಲಿ ನಡೆಯುವ ಒಂದು ದಿನದ ಸ್ಥಳೀಯ ಇತಿಹಾಸ ಸಂಕಿರಣವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. "ಬರುತ್ತೇನೆ" ಎಂದು ಹೆಸರು ಬರೆಸಿದವರು 240 ಮಂದಿ. ಈ 240ನ್ನು ಹಾಗೇ ನುಂಗಬಾರದು. ಅದರಲ್ಲಿ ಮೂರು ಬಗೆಯ ಜನ ಇರುತ್ತಾರೆ.

ಶುಲ್ಕ ಕಟ್ಟಿ ಪರ ಊರಿಂದ ಬರುವವರು 80. ದುಡ್ಡು ಕೊಟ್ಟು, ಬಸ್ಸು ರೈಲಿಗೆ ಟಿಕೆಟ್ ಮಾಡಿಸಿದವರು ಸುಲಭಕ್ಕೆ ತಪ್ಪಿಸುವುದಿಲ್ಲ. ನೂರಕ್ಕೆ ತೊಂಬತ್ತರಂತೆ 72 ಹಿಡಿಯಬಹುದು. ಶುಲ್ಕವಿಲ್ಲದೆ ಹೆಸರು ಬರೆಸಿದ ಊರಿನವರು 120. ಇವರ "ಬರುತ್ತೇನೆ" ಎಂಬುದರಲ್ಲಿ ಅರ್ಧ ಸೌಜನ್ಯ. ನಮ್ಮ ಹಳೆಯ ಲೆಕ್ಕದ ಪುಸ್ತಕದಲ್ಲಿ ಇಂಥವರಲ್ಲಿ ನೂರಕ್ಕೆ ಅರವತ್ತು ಮಂದಿ ಬಂದಿದ್ದಾರೆ. ಹಾಗಾಗಿ ಇಲ್ಲೂ 72. ಉಳಿದ 40 ಮಂದಿ ಒಂದು ಕಾಲೇಜಿನ ವಿದ್ಯಾರ್ಥಿಗಳು. ಇವರಿಗೆ ಶೇಕಡಾವಾರು ಲೆಕ್ಕ ಹೊಂದುವುದಿಲ್ಲ. ಅವರ ಬಸ್ಸು ಬಂದರೆ 38, ಬಾರದಿದ್ದರೆ ಸೊನ್ನೆ. ಆದ್ದರಿಂದ ಹಿಂದಿನ ಸಂಜೆ ಅವರ ಅಧ್ಯಾಪಕರಿಗೆ ಫೋನು ಮಾಡಿ ಬಸ್ಸು ಖಾತ್ರಿಯೇ ಎಂದು ಕೇಳಲೇಬೇಕು.

ಇನ್ನು ಪಟ್ಟಿಯಲ್ಲಿ ಹೆಸರೇ ಇಲ್ಲದವರು. ಭಾಷಣಕಾರರು, ಅವರ ಕಾರಿನ ಚಾಲಕರು, ಸ್ವಯಂಸೇವಕರು, ಮೈಕಿನವರು, ಫೋಟೋದವರು, ಸಭಾಂಗಣದ ಕಾವಲುಗಾರರು. ಇವರು 35 ಮಂದಿಯಾದರೂ ಆಗುತ್ತಾರೆ, ಮತ್ತು ಇವರು ತಪ್ಪದೆ ಊಟ ಮಾಡುವವರು. ಎಲ್ಲ ಕೂಡಿದರೆ ಊಟಕ್ಕೆ 217. ಊರಿನವರಲ್ಲಿ ಕೆಲವರು ಮಧ್ಯಾಹ್ನ ಮನೆಗೆ ಹೋಗುತ್ತಾರೆ ನಿಜ. ಆದರೆ ಊಟದ ಹೊತ್ತಿಗೆ ಸರಿಯಾಗಿ ಬರುವ ಇನ್ನು ಕೆಲವರು ಅವರ ಎಲೆ ತುಂಬುತ್ತಾರೆ.

ಇನ್ನು ಗಡಿಯಾರ ನೋಡಿ

ತಿಂಡಿ ಎಂಟೂವರೆಯಿಂದ ಒಂಬತ್ತೂವರೆ. ಪರ ಊರಿನ 72 ಮಂದಿಯಲ್ಲಿ ಆ ಹೊತ್ತಿಗೆ ತಲುಪುವವರು 55. ಊರಿನವರು ಮನೆಯಲ್ಲೇ ತಿಂದು ಬರುತ್ತಾರೆ, ಅವರಲ್ಲಿ ಕಾಲು ಭಾಗ ಎಂದರೆ 18. ಕಾಲೇಜಿನ ಬಸ್ಸು ಬರುವುದೇ ಒಂಬತ್ತೂ ಮುಕ್ಕಾಲಿಗೆ, ಹಾಗಾಗಿ ಅವರಿಗೆ ತಿಂಡಿ ಇಲ್ಲ. ಕೆಲಸದವರು 30. ಒಟ್ಟು 103. ಉಪ್ಪಿಟ್ಟಿಗೆ ತಲೆಗೆ 70 ಗ್ರಾಂ ರವೆ ಎಂದರೆ ಏಳೂವರೆ ಕಿಲೋ ಸಾಕು. ಜೊತೆಗೆ ಕೇಸರಿಬಾತ್ ಇದ್ದರೆ ಅದಕ್ಕಿಂತಲೂ ಕಡಿಮೆ.

ಹನ್ನೊಂದೂವರೆಯ ಕಾಫಿಗೆ ಊರಿನವರಲ್ಲಿ ಹನ್ನೆರಡು ಮಂದಿ ಇನ್ನೂ ಬಂದಿರುವುದಿಲ್ಲ. ವಿದ್ಯಾರ್ಥಿಗಳಲ್ಲಿ ಹತ್ತು ಮಂದಿ ಕುಡಿಯುವುದಿಲ್ಲ. ಕೆಲಸದವರಲ್ಲಿ ಐವರಿಗೆ ಜಾಗ ಬಿಟ್ಟು ಬರಲಾಗುವುದಿಲ್ಲ. 190 ಲೋಟ ಆಯಿತು. ಸಣ್ಣ ಲೋಟಕ್ಕೆ ಲೀಟರ್ ಹಾಲಿನಲ್ಲಿ ಹನ್ನೆರಡರಿಂದ ಹದಿನಾಲ್ಕು ಕಾಫಿ ಆಗುತ್ತದೆ, ಅಂದರೆ ಹದಿನೈದು ಲೀಟರ್ ಹಾಲು. ಸಂಜೆ ನಾಲ್ಕರ ಚಹಾದ ಹೊತ್ತಿಗೆ ಕಾಲೇಜಿನ ಬಸ್ಸು ಹೊರಟಾಗಿದೆ, ಪರ ಊರಿನವರಲ್ಲಿ ಅರ್ಧ ಜನ ರೈಲು ಹಿಡಿಯಲು ಎದ್ದಾಗಿದೆ. 36, ಊರಿನವರು 45, ಕೆಲಸದವರು 30. ಒಟ್ಟು 111.

103, 190, 217, 111. ಕೂಡಿದರೆ 621. ನಾಲ್ಕು ಹೊತ್ತಿಗೂ 240 ಎಂದಿದ್ದರೆ 960 ಆಗುತ್ತಿತ್ತು. ಕಣ್ಣು ಮುಚ್ಚಿ ಹೇಳಿದ ಒಂದು ಸಂಖ್ಯೆಯಿಂದ 339 ಮಂದಿಗಾಗುವಷ್ಟು ತಿಂಡಿ, ಊಟ, ಕಾಫಿ, ಚಹಾ ಹೆಚ್ಚಾಗಿ ಬಿಡುತ್ತಿತ್ತು.

ಹೀಗೆ ಲೆಕ್ಕ ಹಾಕಲು ಹೆಸರು ಬರೆಸಿಕೊಳ್ಳುವಾಗಲೇ ಕೇಳುವ ಪ್ರಶ್ನೆ ಬದಲಾಗಬೇಕು. "ಬರುತ್ತೀರಾ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. "ಎಷ್ಟು ಗಂಟೆಗೆ ತಲುಪುತ್ತೀರಿ, ಎಷ್ಟಕ್ಕೆ ಹೊರಡುತ್ತೀರಿ?" ಎಂದು ಕೇಳಿದರೆ ತಿಂಡಿ ಮತ್ತು ಚಹಾದ ಲೆಕ್ಕ ತಾನಾಗಿ ಸಿಗುತ್ತದೆ. ದಿನಾಂಕ ಗೊತ್ತು ಮಾಡುವ ಮುನ್ನ ಪಂಚಾಂಗವನ್ನೂ ಒಮ್ಮೆ ನೋಡಬೇಕು. ಅವತ್ತು ಒಳ್ಳೆಯ ಮದುವೆ ಮುಹೂರ್ತ ಇದ್ದರೆ ಊರಿನ ಅರ್ಧ ಜನ ಛತ್ರದಲ್ಲಿರುತ್ತಾರೆ. ಏಕಾದಶಿಯಾದರೆ ಬಂದವರಲ್ಲೇ ಕೆಲವರು ಅನ್ನ ಮುಟ್ಟುವುದಿಲ್ಲ, ಅವರಿಗೆ ಅವಲಕ್ಕಿಯನ್ನೋ ಹಣ್ಣನ್ನೋ ಇಡಬೇಕು.

"ಇರಲಿ" ಎಂಬ ಮಾತು

ಅನ್ನ ಉಳಿಯಲು ದೊಡ್ಡ ಕಾರಣ ಜನ ಬಾರದಿರುವುದು ಎಂದುಕೊಂಡಿದ್ದೆ. ನಿಜವಾದ ಕಾರಣ "ಇರಲಿ" ಎಂಬ ಪದ. ಕಾರ್ಯದರ್ಶಿ 240ಕ್ಕೆ ಹತ್ತು ಪರ್ಸೆಂಟ್ ಸೇರಿಸಿ 264 ಎನ್ನುತ್ತಾರೆ, ಇರಲಿ ಅಂತ. ಅದನ್ನು ಕೇಳಿದ ಊಟದ ಸಮಿತಿಯವರು ಇನ್ನೊಂದು ಹತ್ತು ಪರ್ಸೆಂಟ್ ಸೇರಿಸಿ 290 ಎನ್ನುತ್ತಾರೆ. ಭಟ್ಟರು ತಮ್ಮ ಮರ್ಯಾದೆಗೆಂದು ಮತ್ತೆ ಹತ್ತು ಸೇರಿಸುತ್ತಾರೆ. 319 ಆಯಿತು. ಮೂವರೂ ಎಚ್ಚರಿಕೆಯ ಮನುಷ್ಯರೇ, ಆದರೆ ಒಬ್ಬರ ಎಚ್ಚರಿಕೆ ಇನ್ನೊಬ್ಬರಿಗೆ ಗೊತ್ತಿಲ್ಲ.

ಇದಕ್ಕೆ ಮದ್ದು ಸರಳ. ಭಟ್ಟರಿಗೆ ಬರಿಯ ಎಲೆಯ ಲೆಕ್ಕ ಹೇಳಿ, "ಇದರಲ್ಲಿ ಇರಲಿ ಸೇರಿಲ್ಲ, ನೀವೂ ಸೇರಿಸಬೇಡಿ, ಹೆಚ್ಚುವರಿ ಸಾಮಾನು ಬೇರೆ ಇಡಿಸುತ್ತೇನೆ" ಎನ್ನಬೇಕು. ಆ ಹೆಚ್ಚುವರಿ ಬೆಂದ ಅನ್ನವಾಗಿ ಇರಬಾರದು. ಚೀಲದಲ್ಲಿ ಅಕ್ಕಿಯಾಗಿಯೇ ಇರಬೇಕು.

ಸಾರು ಹಿಗ್ಗುತ್ತದೆ, ಪಲ್ಯ ಹಿಗ್ಗುವುದಿಲ್ಲ

ಈ ಮಾತು ಹೇಳಿಕೊಟ್ಟವರು ನಮ್ಮ ಭಟ್ಟರೇ. ಒಂದೊಂದು ಪದಾರ್ಥಕ್ಕೂ ಕೊನೆಯ ನಿರ್ಧಾರದ ಹೊತ್ತು ಬೇರೆ. ಸಿಹಿಗೆ ಹಿಂದಿನ ದಿನವೇ ಹೇಳಬೇಕು. ಮೈಸೂರು ಪಾಕನ್ನು ಕೊನೇ ಗಳಿಗೆಯಲ್ಲಿ ಹೆಚ್ಚು ಕಡಿಮೆ ಮಾಡಲಾಗದು, ಆದರೆ ಉಳಿದರೆ ಕೆಡುವುದಿಲ್ಲ. ಆದ್ದರಿಂದ ಅಲ್ಲಿ ಧಾರಾಳವಾಗಿ 230 ಹೇಳಬಹುದು. ಪಲ್ಯದ ತರಕಾರಿಗೆ ಬೆಳಿಗ್ಗೆಯೇ ಈಳಿಗೆ ತಗಲುತ್ತದೆ. ಹುಳಿಗೆ ಬೇಳೆ ಹತ್ತು ಗಂಟೆಗೆ ಒಲೆಯ ಮೇಲೆ ಇರುತ್ತದೆ, ತಲೆಗೆ 30 ಗ್ರಾಂ ತೊಗರಿಬೇಳೆ ಎಂದರೆ ಆರೂವರೆ ಕಿಲೋ. ಸಾರಿಗೆ ಕೊನೇ ಗಳಿಗೆಯಲ್ಲೂ ನೀರು, ಹುಣಸೆಹುಳಿ, ಪುಡಿ ಹಾಕಿ ಕುದಿಸಿ ನಲವತ್ತು ಜನಕ್ಕೆ ಹಿಗ್ಗಿಸಬಹುದು. ಮೊಸರು ಕಡಿಮೆ ಎನಿಸಿದರೆ ಮಜ್ಜಿಗೆ ಮಾಡಬಹುದು.

ಎಲ್ಲಕ್ಕಿಂತ ತಡವಾಗಿ ನಿರ್ಧರಿಸಬಹುದಾದದ್ದು ಅನ್ನ. ಪಲ್ಯ, ಹುಳಿ, ಸಿಹಿ ಇರುವ ಊಟಕ್ಕೆ ತಲೆಗೆ 100 ಗ್ರಾಂ ಅಕ್ಕಿ ಹಿಡಿದರೆ 217 ಎಲೆಗೆ 22 ಕಿಲೋ. ಇದನ್ನು ಒಂದೇ ಸಲ ಬೇಯಿಸಬಾರದು. ಮೊದಲು 16 ಕಿಲೋ ಹಾಕಿ, ಉಳಿದ 6 ಕಿಲೋ ಅಳೆದು ಪಕ್ಕಕ್ಕಿಡಬೇಕು. ಎಸರು ಮಾತ್ರ ಕಾಯುತ್ತಲೇ ಇರಬೇಕು. ಎಸರು ಮರಳುತ್ತಿದ್ದರೆ ಅರ್ಧ ಗಂಟೆಯೊಳಗೆ ಬಿಸಿ ಅನ್ನ ಸಿದ್ಧ. ಎಂಬತ್ತು ಎಲೆಯ ಪಂಕ್ತಿ ಮುಗಿಯಲು ಸಾಮಾನ್ಯವಾಗಿ ಅಷ್ಟೇ ಹೊತ್ತು ಬೇಕಾಗುವುದರಿಂದ, ಮೊದಲ ಪಂಕ್ತಿ ಕುಳಿತ ಮೇಲೆ ನಿರ್ಧಾರ ಮಾಡಿದರೂ ತಡವಾಗುವುದಿಲ್ಲ.

ಹನ್ನೊಂದು ಗಂಟೆಗೆ ತಲೆ ಎಣಿಕೆ

ನಮ್ಮ ಉದಾಹರಣೆಯ ದಿನ ಬೆಳಿಗ್ಗೆ ಮಳೆ ಬಂತು ಎನ್ನೋಣ. ಸರಿಯಾಗಿ ಹನ್ನೊಂದಕ್ಕೆ ಸಭಾಂಗಣದ ಹಿಂಬದಿಯಲ್ಲಿ ನಿಂತು ಸಾಲು ಸಾಲಾಗಿ ಎಣಿಸಬೇಕು. ಖಾಲಿಯಾದ ಕಾಫಿ ಲೋಟ ಎಣಿಸಿದರೆ ಮೋಸ ಹೋಗುತ್ತೀರಿ, ಎರಡೆರಡು ಕುಡಿದವರು ಇರುತ್ತಾರೆ. ನೋಂದಣಿ ಪುಸ್ತಕದ ಸಹಿಯನ್ನೂ ನಂಬುವಂತಿಲ್ಲ, ಚೀಲ ತೆಗೆದುಕೊಂಡು ಹೊರಟವರ ಸಹಿಯೂ ಅದರಲ್ಲಿದೆ. ಕುರ್ಚಿಯಲ್ಲಿ ಕುಳಿತವರು 158. ಇರಬೇಕಿದ್ದದ್ದು ಸುಮಾರು 170. ಕೆಲಸದವರು 35, ಊಟದ ಹೊತ್ತಿಗೆ ಬರುವವರು ಹತ್ತು ಎಂದರೆ 203. ಆ ಕ್ಷಣವೇ ಅಡುಗೆ ಮನೆಗೆ ಹೋಗಿ, "ಎರಡನೇ ಸಲ ಆರು ಬೇಡ, ನಾಲ್ಕು ಕಿಲೋ ಹಾಕಿ" ಎನ್ನಬೇಕು.

ಈ ಲೆಕ್ಕವನ್ನು ಕೆಡಿಸುವವರು ವೇದಿಕೆಯ ಮೇಲಿರುತ್ತಾರೆ. ಉದ್ಘಾಟನೆ ಒಂದು ಗಂಟೆ ಎಳೆದು ಊಟ ಎರಡೂವರೆಗೆ ಜಾರಿದರೆ ಊರಿನವರು ಒಬ್ಬೊಬ್ಬರಾಗಿ ಮನೆಗೆ ಜಾರುತ್ತಾರೆ. ಉಳಿದವರು ಹಸಿದು ಮಾಮೂಲಿಗಿಂತ ಹೆಚ್ಚು ಉಣ್ಣುತ್ತಾರೆ. ಎಲೆ ಕಡಿಮೆ, ಅನ್ನ ಅಷ್ಟೇ. ಅದೇ ತಿಂಡಿ ಹತ್ತರವರೆಗೆ ನಡೆದು ಊಟ ಹನ್ನೆರಡೂವರೆಗೇ ಬಂದರೆ ಎಲೆ ಅಷ್ಟೇ ಇದ್ದರೂ ಅನ್ನ ಉಳಿಯುತ್ತದೆ. ಆದ್ದರಿಂದ ಗೋಷ್ಠಿ ಇಪ್ಪತ್ತು ನಿಮಿಷ ತಡವಾದ ಸುದ್ದಿ ಅಧ್ಯಕ್ಷರಿಗೆ ತಲುಪುವ ಮೊದಲು ಭಟ್ಟರಿಗೆ ತಲುಪಬೇಕು.

ಕೊರತೆ ಬಿದ್ದರೆ ಅದು ಯಾವಾಗಲೂ ಕಾಣಿಸುವುದು ಕೊನೆಯ ಪಂಕ್ತಿಯಲ್ಲಿ. ಮೊದಲ ಪಂಕ್ತಿಗೆ ಬಡಿಸುವವರ ಕೈ ಉದಾರವಾಗಿರುತ್ತದೆ, ಎಲೆಯಲ್ಲಿ ಪಲ್ಯ ಬಿಟ್ಟು ಏಳುವವರೂ ಅಲ್ಲೇ ಹೆಚ್ಚು. ಕೊನೆಯಲ್ಲಿ ಕೂರುವವರು ಸ್ವಯಂಸೇವಕರು, ಚಾಲಕರು, ಮೈಕಿನವರು. ಅದಕ್ಕೇ ಪಲ್ಯ, ಕೋಸಂಬರಿ, ಸಿಹಿಯಲ್ಲಿ ಅವರ ಪಾಲನ್ನು ಮೊದಲೇ ಒಂದು ಪಾತ್ರೆಗೆ ತೆಗೆದು ಮುಚ್ಚಿಡಬೇಕು. ಹಿಗ್ಗದ ಪದಾರ್ಥಗಳಿಗೆ ಇದೊಂದೇ ದಾರಿ.

ಊಟ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಬೆಳಿಗ್ಗೆ ತಂದ ಬಾಳೆಲೆಯಲ್ಲಿ ಉಳಿದದ್ದನ್ನು ಎಣಿಸಿ ಕಳೆದರೆ ಉಂಡವರ ಲೆಕ್ಕ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 201. ಪುಸ್ತಕದಲ್ಲಿ ಒಂದೇ ಸಾಲು ಬರೆಯಬೇಕು: ಹೆಸರು ಬರೆಸಿದವರು 240, ಮಳೆ, ಊಟ ಹದಿನೈದು ನಿಮಿಷ ತಡ, ಎಲೆ 201, ಅಕ್ಕಿ 20 ಕಿಲೋ. ನೂರಕ್ಕೆ ತೊಂಬತ್ತು, ನೂರಕ್ಕೆ ಅರವತ್ತು ಎಂದು ನಾನು ಮೇಲೆ ಹೇಳಿದ್ದು ಇಂಥ ಸಾಲುಗಳಿಂದ ಬಂದದ್ದು. ನಿಮ್ಮ ಊರಿನ ಅಂಕಿ ಬೇರೆ ಇರುತ್ತದೆ, ಅದು ನಿಮ್ಮ ಪುಸ್ತಕದಲ್ಲೇ ಸಿಗಬೇಕು. ಉಳಿದ ಎರಡು ಕಿಲೋ ಅಕ್ಕಿಗೆ ಮಾತ್ರ ಊರೆಲ್ಲ ಫೋನು ಮಾಡಬೇಕಾಗಿಲ್ಲ. ಅದು ಚೀಲದಲ್ಲೇ ಇದೆ, ದಿನಸಿ ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ.