ಎರಡು ಲೆಕ್ಕಗಳ ಒಂದು ವಾಕ್ಯ: ಕಾರ್ಖಾನೆಯ ರಜಾ ನಿಯಮದ ಸರಳೀಕರಣದಲ್ಲಿ ಅರ್ಥರಚನೆಯ ಪಾತ್ರ

ಸಾರಾಂಶ: 1948ರ ಕಾರ್ಖಾನೆಗಳ ಅಧಿನಿಯಮದ 79ನೆಯ ಕಲಮಿನಲ್ಲಿರುವ ಸವೇತನ ವಾರ್ಷಿಕ ರಜೆಯ ನಿಯಮವನ್ನು ಕಾರ್ಮಿಕರಿಗಾಗಿ ಸರಳ ಕನ್ನಡದಲ್ಲಿ ಪುನರ್ರಚಿಸುವಾಗ ಎದುರಾಗುವ ಭಾಷಿಕ ಸಮಸ್ಯೆಗಳನ್ನು ಈ ಲೇಖನ ವಿಶ್ಲೇಷಿಸುತ್ತದೆ. ತೊಡಕು ಮುಖ್ಯವಾಗಿ ಪದಗಳಲ್ಲಿಲ್ಲ. ‘ದಿನ’ ಎಂಬ ಒಂದೇ ಪದ ಎರಡು ಲೆಕ್ಕಗಳಲ್ಲಿ ಎರಡು ಬಗೆಯಾಗಿ ಎಣಿಕೆಯಾಗುವುದರಲ್ಲಿ ಮತ್ತು ‘ರಜೆ’ ಎಂಬ ಪದ ಎರಡು ಪರಿಕಲ್ಪನೆಗಳನ್ನು ಹೊರುವುದರಲ್ಲಿ ಅದು ಇದೆ ಎಂಬುದು ಇಲ್ಲಿಯ ವಾದ.

1. ಸಂದರ್ಭ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಅಮರಗೋಳದಂಥ ಊರಿನಲ್ಲಿ ವಾಸಿಸುವ ಕಾರ್ಮಿಕರಿಗೆ ರಾಯಾಪುರ, ಗೋಕುಲ ರಸ್ತೆ, ತಾರಿಹಾಳಗಳ ಕೈಗಾರಿಕಾ ಪ್ರದೇಶಗಳು ಹತ್ತಿರದ ದುಡಿಮೆಯ ತಾಣಗಳು. ಕಾರ್ಖಾನೆಯ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಮುಖ್ಯ ಪ್ರವೇಶದ್ವಾರದ ಬಳಿ ಇರಬೇಕೆಂದು ಅಧಿನಿಯಮದ 108ನೆಯ ಕಲಮು ವಿಧಿಸುತ್ತಿತ್ತು. 1946ರ ಕೈಗಾರಿಕಾ ನಿಯೋಜನೆ (ಸ್ಥಾಯಿ ಆದೇಶಗಳು) ಅಧಿನಿಯಮವೂ ಸ್ಥಾಯಿ ಆದೇಶಗಳ ವಿಷಯದಲ್ಲಿ ಇದನ್ನೇ ಹೇಳುತ್ತಿತ್ತು. ಎರಡೂ ಶಾಸನಗಳು ಭಾಷೆಯನ್ನು ಗೊತ್ತುಪಡಿಸುತ್ತಿದ್ದವು. ಆ ಭಾಷೆಯ ಯಾವ ಪ್ರಭೇದ ಎಂಬುದನ್ನು ಹೇಳುತ್ತಿರಲಿಲ್ಲ. ಹೀಗಾಗಿ ಕಾನೂನು ಕನ್ನಡದಲ್ಲಿ ಬರೆದ ಫಲಕವೊಂದು ವಿಧಿಯನ್ನು ಪಾಲಿಸಿಯೂ ಓದುಗರನ್ನು ತಲಪದೆ ಉಳಿಯಬಹುದು.

2. ಮೂಲ ವಾಕ್ಯ ಮತ್ತು ಅದರ ತೊಡಕು

ಕಾನೂನು ಕನ್ನಡದ ರೂಢಿಯನ್ನು ಅನುಸರಿಸಿ ಈ ಲೇಖನಕ್ಕಾಗಿ ರಚಿಸಿದ ಮಾದರಿ ಪಠ್ಯ ಹೀಗಿದೆ. ಇದು ಅಧಿಕೃತ ಅನುವಾದವಲ್ಲ. ಆದರೆ ಕಲಮಿನ ರಚನೆಯನ್ನು ಉಳಿಸಿಕೊಂಡಿದೆ.

(1) ಯಾವುದೇ ಕ್ಯಾಲೆಂಡರ್ ವರ್ಷದಲ್ಲಿ ಕಾರ್ಖಾನೆಯಲ್ಲಿ 240 ದಿನಗಳು ಅಥವಾ ಅದಕ್ಕೂ ಹೆಚ್ಚಿನ ಅವಧಿಗೆ ಕೆಲಸ ಮಾಡಿರುವ ಪ್ರತಿಯೊಬ್ಬ ಕಾರ್ಮಿಕನಿಗೆ, ತದನಂತರದ ಕ್ಯಾಲೆಂಡರ್ ವರ್ಷದಲ್ಲಿ, ಹಿಂದಿನ ವರ್ಷದಲ್ಲಿ ಅವನು ನಿರ್ವಹಿಸಿದ ಕೆಲಸದ ಪ್ರತಿ 20 ದಿನಗಳಿಗೆ ಒಂದು ದಿನದ ದರದಲ್ಲಿ ಲೆಕ್ಕ ಹಾಕಿದ ದಿನಗಳಷ್ಟು ಸವೇತನ ರಜೆಯನ್ನು ಅನುಮತಿಸತಕ್ಕದ್ದು. ವಿವರಣೆ: ಒಪ್ಪಂದದ ಅಥವಾ ಸ್ಥಾಯಿ ಆದೇಶಗಳ ಮೇರೆಗಿನ ಲೇಆಫ್ ದಿನಗಳನ್ನು, ಮಹಿಳಾ ಕಾರ್ಮಿಕಳ ಸಂದರ್ಭದಲ್ಲಿ ಹನ್ನೆರಡು ವಾರಗಳನ್ನು ಮೀರದ ಹೆರಿಗೆ ರಜೆಯ ದಿನಗಳನ್ನು ಮತ್ತು ಹಿಂದಿನ ವರ್ಷ ಗಳಿಸಿ ಈ ವರ್ಷ ಅನುಭವಿಸಿದ ರಜೆಯ ದಿನಗಳನ್ನು 240 ದಿನಗಳ ಗಣನೆಯ ಉದ್ದೇಶಕ್ಕಾಗಿ ಕೆಲಸ ಮಾಡಿದ ದಿನಗಳೆಂದು ಭಾವಿಸತಕ್ಕದ್ದು, ಆದರೆ ಸದರಿ ದಿನಗಳಿಗಾಗಿ ಅವನು ರಜೆಯನ್ನು ಗಳಿಸತಕ್ಕದ್ದಲ್ಲ.

ಇಂಥ ಪಠ್ಯವನ್ನು ಸರಳಗೊಳಿಸುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಪದಗಳಿಗೆ. ‘ಸವೇತನ’ ಹೋಗಿ ‘ಸಂಬಳ ಸಹಿತ’ ಬರುತ್ತದೆ, ‘ತದನಂತರದ’ ಹೋಗಿ ‘ಮುಂದಿನ’ ಬರುತ್ತದೆ, ‘ಸದರಿ’ ಹೋಗಿ ‘ಈ’ ಬರುತ್ತದೆ. ಇಷ್ಟಾದರೂ ವಾಕ್ಯ ಬಿಡಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಕೃದಂತ ವಿಶೇಷಣಗಳು ನಾಮಪದಕ್ಕೆ ಮೊದಲೇ ಬರುತ್ತವೆ, ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ‘ಅನುಮತಿಸತಕ್ಕದ್ದು’ ಎಂಬುದನ್ನು ತಲಪುವವರೆಗೆ ಓದುಗ ಷರತ್ತು, ವರ್ಷ, ದರ, ಸಂಖ್ಯೆ ಎಲ್ಲವನ್ನೂ ಯಾವುದಕ್ಕೆ ಎಂದು ತಿಳಿಯದೆ ಹೊತ್ತುಕೊಂಡಿರಬೇಕಾಗುತ್ತದೆ.

ವಾಕ್ಯವನ್ನು ತುಂಡರಿಸಿದರೆ ಈ ಹೊರೆ ಇಳಿಯುತ್ತದೆ, ಆದರೆ ಅದಕ್ಕಿಂತ ಆಳದ ತೊಡಕು ಉಳಿಯುತ್ತದೆ. (1)ರಲ್ಲಿ ಎರಡು ಪ್ರತ್ಯೇಕ ಲೆಕ್ಕಗಳಿವೆ: ರಜೆಗೆ ಅರ್ಹತೆ ಇದೆಯೆ ಎಂಬುದು ಒಂದು, ಎಷ್ಟು ದಿನ ಎಂಬುದು ಇನ್ನೊಂದು. ಹೆರಿಗೆ ರಜೆಯ ದಿನ ಮೊದಲನೆಯದರಲ್ಲಿ ಎಣಿಕೆಗೆ ಸೇರುತ್ತದೆ, ಎರಡನೆಯದರಲ್ಲಿ ಸೇರುವುದಿಲ್ಲ. ‘ಭಾವಿಸತಕ್ಕದ್ದು’ ಎಂಬ ಕ್ರಿಯಾಪದ ಈ ಇಬ್ಬಗೆಯ ಎಣಿಕೆಯನ್ನು ಕಲ್ಪಿತ ಸಮೀಕರಣವೊಂದರ ಮೂಲಕ ಸಾಧಿಸುತ್ತದೆ. ವಕೀಲರಿಗೆ ಇದು ಪರಿಚಿತ ಉಪಾಯ. ದಿನಬಳಕೆಯ ಕನ್ನಡದಲ್ಲಾದರೋ ‘ಭಾವಿಸು’ ಎಂದರೆ ಅಂದುಕೊಳ್ಳು, ಊಹಿಸು. ನಿಯಮದ ಬಲ ಅದಕ್ಕಿಲ್ಲ.

3. ಪುನರ್ರಚನೆ

ಆದ್ದರಿಂದ ಸರಳ ಪಠ್ಯದ ಘಟಕ ವಾಕ್ಯವಲ್ಲ, ಲೆಕ್ಕ. ಎರಡು ಲೆಕ್ಕಗಳನ್ನು ಕಾರ್ಮಿಕರು ಕೇಳುವ ಪ್ರಶ್ನೆಗಳ ಕ್ರಮದಲ್ಲಿ ಇಟ್ಟರೆ ಕಲ್ಪಿತ ಸಮೀಕರಣದ ಅಗತ್ಯವೇ ಬೀಳುವುದಿಲ್ಲ.

(2) ಮೊದಲ ಲೆಕ್ಕ: ಈ ವರ್ಷ ನಿಮಗೆ ಪಗಾರದ ರಜೆ ಇದೆಯೆ? ಕಳೆದ ವರ್ಷ ಜನವರಿ 1ರಿಂದ ಡಿಸೆಂಬರ್ 31ರವರೆಗೆ ನೀವು ಕೆಲಸ ಮಾಡಿದ ದಿನಗಳನ್ನು ಎಣಿಸಿರಿ. ಅದಕ್ಕೆ ಈ ದಿನಗಳನ್ನು ಕೂಡಿಸಿರಿ: ಹೆರಿಗೆ ರಜೆ (84 ದಿನಗಳವರೆಗೆ ಮಾತ್ರ), ಕೆಲಸ ಕೊಡಲಾಗದೆ ಕಂಪನಿ ನಿಯಮದ ಪ್ರಕಾರ ಲೇಆಫ್ ಮಾಡಿದ ದಿನಗಳು, ಅದರ ಹಿಂದಿನ ವರ್ಷ ಗಳಿಸಿ, ಕಳೆದ ವರ್ಷ ನೀವು ತೆಗೆದುಕೊಂಡ ಪಗಾರದ ರಜೆ. ಒಟ್ಟು 240 ಅಥವಾ ಹೆಚ್ಚು ಬಂದರೆ ಕಂಪನಿ ನಿಮಗೆ ಪಗಾರದ ರಜೆ ಕೊಡಲೇಬೇಕು.
ಎರಡನೆಯ ಲೆಕ್ಕ: ಎಷ್ಟು ದಿನ? ಮೇಲೆ ಕೂಡಿಸಿದ ದಿನಗಳನ್ನು ಈಗ ಬಿಟ್ಟುಬಿಡಿರಿ. ನೀವು ಕೆಲಸ ಮಾಡಿದ ದಿನಗಳನ್ನಷ್ಟೇ 20ರಿಂದ ಭಾಗಿಸಿರಿ. ಅರ್ಧ ದಿನ ಅಥವಾ ಹೆಚ್ಚು ಉಳಿದರೆ ಅದನ್ನು ಪೂರ್ತಿ ಒಂದು ದಿನ ಎಂದು ಹಿಡಿಯಿರಿ. ಅರ್ಧಕ್ಕಿಂತ ಕಡಿಮೆ ಉಳಿದರೆ ಬಿಡಿರಿ.

ವರ್ಷದ ನಡುವೆ ಕೆಲಸಕ್ಕೆ ಸೇರಿದವರಿಗೆ 240ರ ಬದಲು, ಆ ವರ್ಷದಲ್ಲಿ ಉಳಿದ ದಿನಗಳ ಮೂರನೆಯ ಎರಡು ಭಾಗ ಎಂಬ ಮಿತಿ ಈ ಅಧಿನಿಯಮದಲ್ಲಿತ್ತು. ಅದನ್ನು ಇದೇ ವಾಕ್ಯಗಳಲ್ಲಿ ತುರುಕದೆ ಪ್ರತ್ಯೇಕ ಚೌಕದಲ್ಲಿ ಕೊಡಬೇಕು.

(2)ರಲ್ಲಿ ಎರಡು ಆಯ್ಕೆಗಳಿಗೆ ವಿವರಣೆ ಬೇಕು. ಮೊದಲನೆಯದು ವಿಧ್ಯರ್ಥದ ರೂಪ. ‘-ತಕ್ಕದ್ದು’ ಎಂಬುದು ಕೊಡಬೇಕಾದವರನ್ನು ಹೆಸರಿಸದೆಯೇ ಬಾಧ್ಯತೆಯನ್ನು ಹೇಳುತ್ತದೆ. ಅದರ ಬದಲು ‘ರಜೆ ಪಡೆಯಬಹುದು’ ಎಂದು ಬರೆದರೆ ‘-ಬಹುದು’ ಪ್ರತ್ಯಯ ಅನುಮತಿಯನ್ನೂ ಸಾಧ್ಯತೆಯನ್ನೂ ಸೂಚಿಸುತ್ತದೆ. ‘ಸಿಕ್ಕರೂ ಸಿಗಬಹುದು’ ಎಂಬ ಓದಿಗೆ ಅವಕಾಶವಾಗಿ ಹಕ್ಕು ಕೃಪೆಯಾಗುತ್ತದೆ. ‘ಕಂಪನಿ ಕೊಡಲೇಬೇಕು’ ಎಂಬಲ್ಲಿ ಕರ್ತೃವೂ ಬಾಧ್ಯತೆಯೂ ಸ್ಪಷ್ಟ. ಎರಡನೆಯದು ಪ್ರಭೇದದ ಆಯ್ಕೆ. ‘ಪಗಾರ’ ಈ ಭಾಗದ ಮಾತಿನ ಪದ, ಅದನ್ನು ಉಳಿಸಿಕೊಂಡಿದೆ. ಕ್ರಿಯಾರೂಪಗಳು ಮಾತ್ರ ಶಿಷ್ಟ ಬರಹದವು, ಏಕೆಂದರೆ ಓದುವುದನ್ನು ಶಾಲೆಯಲ್ಲಿ ಕಲಿತವರ ಕಣ್ಣಿಗೆ ಪಳಗಿರುವುದು ಅವೇ. ‘ನೀವು’ ಎಂಬ ಸಂಬೋಧನೆಯಿಂದ ‘ಕಾರ್ಮಿಕನು’, ‘ಅವನು’ ಎಂಬ ಪುಲ್ಲಿಂಗ ರೂಪಗಳೂ ತಪ್ಪುತ್ತವೆ.

4. ‘ರಜೆ’ ಮತ್ತು ‘ರಜೆ’

ಇದೇ ಕಲಮಿನ ಎರಡನೆಯ ವಿವರಣೆಯಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಸಮಸ್ಯೆಯೊಂದಿದೆ. ಕಾರ್ಮಿಕ ಅರ್ಜಿ ಹಾಕಿ ಪಡೆಯುವ ‘ಲೀವ್’ ಮತ್ತು ಎಲ್ಲರಿಗೂ ತಾನಾಗಿ ಬರುವ ‘ಹಾಲಿಡೇ’ ಎಂಬ ಎರಡು ಪದಗಳ ಭೇದವನ್ನು ಇಂಗ್ಲಿಷ್ ಮೂಲ ಆಧರಿಸಿದೆ: ಮೊದಲನೆಯದರ ನಡುವೆ ಅಥವಾ ಅಂಚಿನಲ್ಲಿ ಎರಡನೆಯದು ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕನ್ನಡದ ‘ರಜೆ’ ಎರಡಕ್ಕೂ ಸಲ್ಲುತ್ತದೆ. ಧಾರವಾಡ ಸೀಮೆಯ ‘ಸೂಟಿ’ಯೂ ಹಾಗೆಯೇ. ಪರಿಣಾಮವಾಗಿ ‘ರಜೆಯ ಅವಧಿಯಲ್ಲಿ ಬರುವ ರಜೆಗಳನ್ನು ಹೊರತುಪಡಿಸಿ’ ಎಂಬಂಥ, ವ್ಯಾಕರಣ ಸರಿಯಿದ್ದೂ ಅರ್ಥ ಹೊರಡದ ವಾಕ್ಯ ಹುಟ್ಟುತ್ತದೆ.

‘ಕಾರ್ಖಾನೆ ಮುಚ್ಚಿರುವ ದಿನ’ ಎಂಬ ಪರ್ಯಾಯ ಸುಲಭವಾಗಿ ಹೊಳೆಯುತ್ತದೆ. ಆದರೆ ಪಾಳಿಯಲ್ಲಿ ನಡೆಯುವ ಕಾರ್ಖಾನೆಗಳಲ್ಲಿ ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ ಬರುತ್ತದೆ, ಕಾರ್ಖಾನೆ ಮುಚ್ಚುವುದಿಲ್ಲ. ಅಲ್ಲಿ ಈ ಪರ್ಯಾಯ ಕಾರ್ಮಿಕರಿಗೆ ನಷ್ಟ ತರುವ ಓದಿಗೆ ದಾರಿಮಾಡುತ್ತದೆ. ‘ನಿಮಗೆ ಹೇಗೂ ಕೆಲಸವಿಲ್ಲದ ದಿನ’ ಎಂಬುದು ಹೆಚ್ಚು ನಿಖರ. ಒಂದು ಉದಾಹರಣೆ ಜೊತೆಗಿದ್ದರೆ ಇನ್ನೂ ಭದ್ರ.

(3) ಪಂಚಮಿಗೆ ತವರಿಗೆ ಹೋಗಲು ನೀವು ಒಂದು ಸೋಮವಾರದಿಂದ ಮುಂದಿನ ಮಂಗಳವಾರದವರೆಗೆ ಒಂಬತ್ತು ದಿನ ಕೆಲಸಕ್ಕೆ ಬರುವುದಿಲ್ಲ. ನಡುವೆ ನಿಮ್ಮ ವಾರದ ಸೂಟಿ ಒಂದು, ಕಂಪನಿ ಎಲ್ಲರಿಗೂ ಕೊಟ್ಟ ಪಂಚಮಿಯ ಸೂಟಿ ಒಂದು. ಈ ಎರಡು ದಿನ ನಿಮಗೆ ಹೇಗೂ ಕೆಲಸವಿಲ್ಲ. ನಿಮ್ಮ ಪಗಾರದ ರಜೆಯಲ್ಲಿ ಏಳು ದಿನ ಮಾತ್ರ ಕಡಿಮೆಯಾಗುತ್ತದೆ.

ಇಲ್ಲಿ ‘ಪಗಾರದ ರಜೆ’ಯನ್ನು ಅರ್ಜಿ ಹಾಕಿ ಪಡೆಯುವುದಕ್ಕೂ, ‘ಸೂಟಿ’ಯನ್ನು ತಾನಾಗಿ ಬರುವ ದಿನಕ್ಕೂ ಮೀಸಲಿಟ್ಟಿದೆ. ಮಾತಿನಲ್ಲಿ ಈ ಭೇದವಿಲ್ಲ. ಫಲಕದ ಉದ್ದಕ್ಕೂ ತಪ್ಪದೆ ಪಾಲಿಸಿದಾಗ ಮಾತ್ರ ಅದು ನಿಲ್ಲುತ್ತದೆ.

5. ತಿಳಿದಿದೆಯೆಂದು ತಿಳಿಯುವುದು ಹೇಗೆ

‘ಅರ್ಥವಾಯಿತೆ?’ ಎಂದು ಕೇಳಿದರೆ ‘ಆಯಿತು’ ಎಂಬ ಉತ್ತರ ಬರುವುದು ಸಹಜ. ಅದು ಸೌಜನ್ಯದ ಉತ್ತರ. ಓದುಗರಿಗೆ ಒಂದು ಲೆಕ್ಕವನ್ನು ಕೊಡುವುದು ಉತ್ತಮ. ಉತ್ತರದ ಸಂಖ್ಯೆಯೇ ಪಠ್ಯದ ಯಾವ ಭಾಗ ಸೋತಿದೆ ಎಂದು ತೋರಿಸುವಂತೆ ಆ ಲೆಕ್ಕವನ್ನು ಆರಿಸಬೇಕು.

ಹೆರಿಗೆ ರಜೆಯ 84 ದಿನಗಳು ಒಂದೇ ವರ್ಷದಲ್ಲಿ, ಜನವರಿ 1ರಿಂದ ಮಾರ್ಚ್ 25ರವರೆಗೆ, ಬಿದ್ದಿವೆ ಎಂದಿಟ್ಟುಕೊಳ್ಳೋಣ. ಆ ಮಹಿಳೆ ವರ್ಷದ ಉಳಿದ ಭಾಗದಲ್ಲಿ 190 ದಿನ ಕೆಲಸ ಮಾಡಿದ್ದಾರೆ. ಮೊದಲ ಲೆಕ್ಕ: 190 ಮತ್ತು 84 ಕೂಡಿ 274, ಅಂದರೆ ಅರ್ಹತೆ ಇದೆ. ಎರಡನೆಯದು: 190ನ್ನು 20ರಿಂದ ಭಾಗಿಸಿದರೆ ಒಂಬತ್ತೂವರೆ, ಅಂದರೆ 10 ದಿನ.

ಓದುಗರು ‘ಏನೂ ಇಲ್ಲ’ ಎಂದರೆ 190 ಎಂಬುದು 240ಕ್ಕಿಂತ ಕಡಿಮೆ ಎಂದು ನಿಂತಿದ್ದಾರೆ. ಮೊದಲ ಲೆಕ್ಕದ ‘ಕೂಡಿಸಿರಿ’ ಎಂಬ ಸೂಚನೆ ತಲಪಿಲ್ಲ. 14 ಎಂದರೆ 274ನ್ನೇ ಭಾಗಿಸಿದ್ದಾರೆ. ‘ಬಿಟ್ಟುಬಿಡಿರಿ’ ಎಂಬುದು ತಲಪಿಲ್ಲ. 9 ಎಂದರೆ ಅರ್ಧ ದಿನದ ನಿಯಮವೊಂದೇ ತಪ್ಪಿದೆ. ಪದಗಳನ್ನಷ್ಟೇ ಬದಲಿಸಿದ ಪಠ್ಯ ಮತ್ತು (2)ರಂಥ ಪಠ್ಯಗಳನ್ನು ಬೇರೆಬೇರೆ ಗುಂಪುಗಳಿಗೆ ಕೊಟ್ಟು ಈ ನಾಲ್ಕು ಉತ್ತರಗಳ ಹಂಚಿಕೆಯನ್ನು ಹೋಲಿಸಿದರೆ, ತೊಡಕು ಪದದ್ದೋ ರಚನೆಯದೋ ಎಂಬ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಬಹುದು.

6. ಸರಳೀಕರಣದ ಎಲ್ಲೆ

ಸರಳ ಪಠ್ಯ ನಿಯಮವನ್ನು ಬೆಳಗಿಸುತ್ತದೆ, ತಿದ್ದುವುದಿಲ್ಲ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ರಜೆಯ ಅವಧಿ 26 ವಾರಗಳಿಗೆ ಏರಿತು. 79ನೆಯ ಕಲಮಿನ ಪಠ್ಯದಲ್ಲಿ ಮಾತ್ರ ಹನ್ನೆರಡು ವಾರಗಳೇ ಉಳಿದವು. 182 ದಿನಗಳ ರಜೆ ಪೂರ್ತಿಯಾಗಿ ಒಂದೇ ವರ್ಷದಲ್ಲಿ ಬಿದ್ದರೆ ಉಳಿಯುವುದು 183 ದಿನ. ಅದರಲ್ಲಿ ವಾರದ ಸೂಟಿ 26, ಹಬ್ಬದ ಸೂಟಿ ಐದು ಕಳೆದರೆ 152. ಅದಕ್ಕೆ 84 ಕೂಡಿಸಿದರೆ 236. ಒಂದು ದಿನವೂ ತಪ್ಪಿಸದೆ ದುಡಿದರೂ ಆಕೆಗೆ ನಾಲ್ಕು ದಿನ ಸಾಲುವುದಿಲ್ಲ. (1)ರ ಗೊಂದಲದಲ್ಲಿ ಅಡಗಿದ್ದ ಈ ಕೊರತೆ (2)ರಲ್ಲಿ ಯಾರ ಕಣ್ಣಿಗೂ ಬೀಳುತ್ತದೆ. ಲೇಖಕ ಅದನ್ನು ಮೆದುಗೊಳಿಸಿ ಬರೆಯುವಂತಿಲ್ಲ. ಬರೆದರೆ ಇಲ್ಲದ ಹಕ್ಕನ್ನು ಇದೆಯೆಂದು ಹೇಳಿದಂತೆ.

ಎರಡನೆಯ ಎಲ್ಲೆ ಕಾಲದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 240ರ ಬದಲು 180 ದಿನಗಳನ್ನು ಗೊತ್ತುಪಡಿಸಿದೆ. 20ಕ್ಕೆ ಒಂದು ಎಂಬ ದರವೂ, ಅರ್ಹತೆಗೆ ಸೇರುವ ಆದರೆ ರಜೆ ಗಳಿಸದ ದಿನಗಳ ರಚನೆಯೂ ಅದರಲ್ಲಿ ಮುಂದುವರಿದಿವೆ. ಹೀಗಾಗಿ (2)ರಲ್ಲಿ ಅಂಕಿಗಳು ಹಳತಾಗುತ್ತವೆ, ಎರಡು ಲೆಕ್ಕಗಳ ಚೌಕಟ್ಟು ಉಳಿಯುತ್ತದೆ. ಫಲಕದ ಮೇಲೆ ಆಧಾರ ಕಾನೂನಿನ ಹೆಸರು ಮತ್ತು ಬರೆದ ದಿನಾಂಕ ಇರಬೇಕಾದುದು ಇದರಿಂದಲೇ. ದಿನಾಂಕವಿಲ್ಲದ ಹಳೆಯ ಫಲಕದಲ್ಲಿ 240 ಎಂದು ತಿಳಿಯಾಗಿ ಬರೆದಿದ್ದರೆ, 200 ದಿನ ದುಡಿದವರು ಅದನ್ನು ಚೆನ್ನಾಗಿ ಅರ್ಥಮಾಡಿಕೊಂಡೇ ತಮ್ಮ ಹತ್ತು ದಿನಗಳನ್ನು ಕೇಳದೆ ಹಿಂದಿರುಗುತ್ತಾರೆ.