ಅತ್ತೆಯ ಪಾರಾಯಣಕ್ಕೆ ಎರಡು ಪ್ರತಿ

ಹರಿಕಥಾಮೃತಸಾರದ ಒಂದು ಸಂಧಿಯನ್ನಾದರೂ ಓದದೆ ನಮ್ಮ ಸೋದರತ್ತೆಗೆ ದಿನ ಮುಗಿಯುವುದಿಲ್ಲ. ಗ್ಲಾಕೋಮಾದಿಂದ ಕಣ್ಣು ಮಂಜಾದ ಮೇಲೆ ಹಗಲಲ್ಲಿ ದಪ್ಪಕ್ಷರ ಮಾತ್ರ ಕಾಣುತ್ತದೆ. ಕತ್ತಲಾದರೆ ಮೊಬೈಲಿನ ಟಾಕ್‌ಬ್ಯಾಕೇ ಓದಿ ಹೇಳಬೇಕು. ಹಾಗಾಗಿ ಕಾಗದದ್ದೊಂದು, ಕಿವಿಗೊಂದು, ಎರಡು ಪ್ರತಿ ಬೇಕಾದವು.

ಪರಿಚಿತರು ಕೊಟ್ಟ ಫೈಲು ಯೂನಿಕೋಡ್‌ಗಿಂತ ಹಿಂದಿನ ಡಿಟಿಪಿ ಫಾಂಟಿನದು. ಅಂಥ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು. ಓದುವ ತಂತ್ರಾಂಶಕ್ಕೆ ಫಾಂಟು ಕಾಣುವುದಿಲ್ಲ, ಅದು ಒಳಗಿನ ಸಂಕೇತವನ್ನೇ ಉಲಿಯುತ್ತದೆ. ಆದ್ದರಿಂದ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡೆ.

ಆಮೇಲೂ ‘ಸಂಸಾರ’ ಎಂಬಲ್ಲಿ ಫೋನು ತೊದಲಿತು. ಅಲ್ಲಿದ್ದದ್ದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಕಣ್ಣಿಗೆ ೦ ಮತ್ತು ಂ ಬಹುಮಟ್ಟಿಗೆ ಒಂದೇ, ಸಂಕೇತ ಮಾತ್ರ ಬೇರೆ: ಮೊದಲನೆಯದು U+0CE6, ಎರಡನೆಯದು U+0C82. ನೋಟ್‌ಪ್ಯಾಡಿನಲ್ಲಿ ಒಂದನ್ನು ಹುಡುಕಿ ಇನ್ನೊಂದನ್ನು ಹಾಕಿದರಾಯಿತು ಎಂದು ಆತುರಪಟ್ಟರೆ ಕೆಟ್ಟಿತು, ಪದ್ಯಸಂಖ್ಯೆ ೧೦ರ ಸೊನ್ನೆಯೂ ಅನುಸ್ವಾರವಾಗಿಬಿಡುತ್ತದೆ. ಅದಕ್ಕೇ ಮೊದಲು ಸಂಖ್ಯೆಗಳನ್ನೆಲ್ಲ ‘ಪದ್ಯ 10’ ಎಂದು ಬರೆದು, ಪದ್ಯದ ಕೊನೆಯ ಜೋಡಿಗೆರೆಗಳನ್ನು ತೆಗೆದು, ಆಮೇಲೆ ಸೊನ್ನೆಗೆ ಕೈಹಾಕಿದೆ. ಉಳಿಸುವಾಗ ಎನ್ಕೋಡಿಂಗ್ UTF-8 ಇರಬೇಕು. ANSI ಇದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ಸಾಲು ಒಡೆಯುವ ವಿಷಯದಲ್ಲಿ. ಕೃತಿ ಭಾಮಿನಿ ಷಟ್ಪದಿಯಲ್ಲಿದೆ. ಮಾತ್ರೆಯ ಲೆಕ್ಕಕ್ಕೆ ಪದವೊಂದರ ಅರ್ಧ ಈ ಸಾಲಿನಲ್ಲಿ, ಉಳಿದರ್ಧ ಮುಂದಿನ ಸಾಲಿನಲ್ಲಿ ಬೀಳುವುದು ಅಲ್ಲಿ ಸಹಜ. ಬಾಯಿಪಾಠ ಬಂದವರು ಕೂಡಿಸಿಕೊಂಡು ಹಾಡುತ್ತಾರೆ, ಯಂತ್ರ ಸಾಲಿನ ಕೊನೆಗೆ ನಿಂತು ಪದವನ್ನು ಕಡಿಯುತ್ತದೆ. ಅತ್ತೆಯನ್ನೇ ಕೇಳಿದೆ. “ಧಾಟಿ ನನಗೆ ಗೊತ್ತಿದೆಯೋ, ಪದ ಇಡಿಯಾಗಿ ಕಿವಿಗೆ ಬೀಳಲಿ ಸಾಕು” ಅಂದರು. ಫೈಲಿನಲ್ಲಿ ಮೊದಲ ಮೂರು ಸಾಲನ್ನು ಒಂದೇ ಸಾಲಾಗಿ, ಕೊನೆಯ ಮೂರನ್ನು ಇನ್ನೊಂದಾಗಿ ಸೇರಿಸಿದೆ. ಹಾಡುವಾಗಲೂ ಅವರು ಉಸಿರೆಳೆಯುವುದು ಅಲ್ಲೇ.

ಕಾಗದದಲ್ಲಿ ಮಾತ್ರ ಆರು ಸಾಲು ಹಾಗೆಯೇ ಉಳಿದವು. ದೊಡ್ಡಕ್ಷರವೆಂದರೆ ಸಾಮಾನ್ಯವಾಗಿ 18 ಪಾಯಿಂಟಿನಿಂದ ಮೇಲೆ; ಅತ್ತೆಗೆ ಒಪ್ಪಿದ್ದು 28. ಮೂರನೆಯ ಮತ್ತು ಆರನೆಯ ಸಾಲು ಉದ್ದವಾದ್ದರಿಂದ ಎ4 ಹಾಳೆಯನ್ನು ಅಡ್ಡಲಾಗಿ ಹಿಡಿದು, ಪುಟಕ್ಕೊಂದೇ ಪದ್ಯ ಹಾಕಿದೆ. ಮೊದಲ ಹಾಳೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಅಕ್ಷರವೇ ಬೇರೆಯಂತೆ ಕಾಣುತ್ತಿತ್ತು. ಸಾಲುಗಳ ಅಂತರವನ್ನು ಒಂದೂವರೆಗೆ ಏರಿಸಿದ ಮೇಲೆ ಬಿಡಿಸಿಕೊಂಡಿತು. ಮಿರುಗುವ ಕಾಗದ, ಅಂಚಿನ ಹೂಬಳ್ಳಿ ಎರಡೂ ಬೇಡವೆಂದರು.

ಕೊನೆಗೆ ಫೈಲನ್ನು ಅವರೆದುರು ಓದಿಸಿದೆ. ಕಣ್ಣಿನಿಂದ ಎರಡು ಸಲ ತಿದ್ದಿದ್ದೆ. ನಾಲ್ಕನೆಯ ಪದ್ಯಕ್ಕೆ ಅತ್ತೆ ಕೈಯೆತ್ತಿದರು: “ಕಮರ್ ಅಂದರೇನೋ?” ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪಿ ‘ಕರ್ಮ’ ಹಾಗಾಗಿತ್ತು. ಹುಡುಕಿದಾಗ ಅಂಥವು ಇನ್ನೂ ಹನ್ನೊಂದು ಸಿಕ್ಕವು.